ಹಸಿರು ಅಂಕಿಯ ಕೆಳಗಿನ ಸಾಲುಗಳು

*ಸಂಪಾದಕರೇ, ನಾನು ಇಂಟ್ರಾಡೇ ವ್ಯವಹಾರ ಮಾಡುತ್ತೇನೆ, ಅಂದರೆ ಕೊಂಡ ಷೇರನ್ನು ಅದೇ ದಿನ ಮಾರುತ್ತೇನೆ. 2025-26ರಲ್ಲಿ ಸುಮಾರು 1,200 ಸಲ ಕೊಂಡು ಮಾರಿದ್ದೇನೆ, ಪ್ರತಿ ಸಲ ಹೆಚ್ಚುಕಡಿಮೆ 1 ಲಕ್ಷ ರೂಪಾಯಿಯ ಷೇರು. ಆ್ಯಪ್‌ನಲ್ಲಿ ವರ್ಷದ ಲಾಭ 1,12,000 ಎಂದು ಹಸಿರು ಬಣ್ಣದಲ್ಲಿದೆ. ಆದರೆ ನಾನು ಹಾಕಿದ್ದ 3 ಲಕ್ಷ ಈಗ 3,10,900 ಮಾತ್ರ ಆಗಿದೆ. ಬ್ರೋಕರ್ ಮೋಸ ಮಾಡಿದ್ದಾರಾ? ಚಾರ್ಜುಗಳೆಲ್ಲ ಚಿಲ್ಲರೆ ಎಂದು ಸ್ನೇಹಿತರು ಹೇಳುತ್ತಾರೆ. ತೆರಿಗೆ ಯಾವ ಮೊತ್ತಕ್ಕೆ?*
*— ಓದುಗರೊಬ್ಬರು, ದಾವಣಗೆರೆ*

ಮೋಸ ಆಗಿಲ್ಲ. ನಿಮ್ಮ ದುಡ್ಡು ಎಲ್ಲಿ ಹೋಯಿತು ಎಂದು ಪೈಸೆಯ ಹತ್ತಿರದವರೆಗೂ ಹೇಳಬಹುದು. ನಿಮ್ಮ ಪತ್ರವನ್ನು ಆರಿಸಿಕೊಂಡಿದ್ದು ಅದಕ್ಕೇ. ಆ್ಯಪ್ ತೋರಿಸಿದ್ದನ್ನು ಒಪ್ಪಿಕೊಳ್ಳದೆ, ಹಾಕಿದ ಹಣವನ್ನೂ ಉಳಿದ ಹಣವನ್ನೂ ಪಕ್ಕಪಕ್ಕ ಇಟ್ಟು ನೋಡಿದಿರಲ್ಲ, ಅಷ್ಟು ಮಾಡುವವರು ಕಮ್ಮಿ.

ಚಿಲ್ಲರೆ ಎಂದ ನಿಮ್ಮ ಸ್ನೇಹಿತರನ್ನು ಕೂರಿಸಿಕೊಂಡು ಒಂದೇ ಒಂದು ವ್ಯವಹಾರದ ಲೆಕ್ಕ ಮಾಡಿ. 500 ರೂಪಾಯಿಯ 200 ಷೇರು ಕೊಂಡಿರಿ, 501ಕ್ಕೆ ಮಾರಿದಿರಿ ಅಂದುಕೊಳ್ಳೋಣ. ಲಾಭ 200 ರೂಪಾಯಿ. ಕಮ್ಮಿ ದರದ ಬ್ರೋಕರ್‌ಗಳಲ್ಲಿ ಬ್ರೋಕರೇಜ್ ಸಾಮಾನ್ಯವಾಗಿ ಆರ್ಡರ್‌ಗೆ 20 ರೂಪಾಯಿ. ಕೊಳ್ಳಲು ಒಂದು, ಮಾರಲು ಒಂದು, ಅಲ್ಲಿಗೆ 40. ಮಾರಿದ ಮೊತ್ತದ ಮೇಲೆ ಶೇ 0.025 ಎಸ್‌ಟಿಟಿ ಎಂಬ ಷೇರು ವಹಿವಾಟು ತೆರಿಗೆ, ಅಂದರೆ 25 ರೂಪಾಯಿ. ಷೇರುಪೇಟೆಯ ಶುಲ್ಕ ಲಕ್ಷಕ್ಕೆ ಸುಮಾರು 3 ರೂಪಾಯಿ, ಎರಡೂ ಕಡೆ ಸೇರಿ 6. ಕೊಂಡದ್ದಕ್ಕೆ ಸ್ಟ್ಯಾಂಪ್ ಡ್ಯೂಟಿ 3. ಷೇರುಪೇಟೆಯ ನಿಯಂತ್ರಕ ಸೆಬಿಯ ಶುಲ್ಕ ಕೋಟಿಗೆ 10 ರೂಪಾಯಿ, ಇಲ್ಲಿ 20 ಪೈಸೆ. ಬ್ರೋಕರೇಜ್, ಪೇಟೆ ಶುಲ್ಕ, ಸೆಬಿ ಶುಲ್ಕ ಮೂರರ ಮೇಲೂ ಶೇ 18 ಜಿಎಸ್‌ಟಿ, ಸುಮಾರು 8.30. ಒಟ್ಟು 82 ರೂಪಾಯಿ 50 ಪೈಸೆ. ಷೇರು 41 ಪೈಸೆ ಏರುವ ತನಕ ನಿಮಗೆ ಏನೂ ಸಿಗುವುದಿಲ್ಲ. ಬಿದ್ದರೂ ಹೆಚ್ಚುಕಡಿಮೆ ಇಷ್ಟೇ ಕೊಡಬೇಕು.

ಈಗ 1,200ರಿಂದ ಗುಣಿಸಿ. ಬ್ರೋಕರೇಜ್ 48,000. ಎಸ್‌ಟಿಟಿ 30,000. ಜಿಎಸ್‌ಟಿ ಸುಮಾರು 10,000. ಪೇಟೆ ಶುಲ್ಕ 7,200. ಸ್ಟ್ಯಾಂಪ್ ಡ್ಯೂಟಿ 3,600. ಸೆಬಿಗೆ 240. ಒಟ್ಟು 99,000. 3 ಲಕ್ಷ ಬಂಡವಾಳ ಇಟ್ಟುಕೊಂಡು ನೀವು ವರ್ಷಕ್ಕೆ 24 ಕೋಟಿಯ ವ್ಯವಹಾರ ಮಾಡಿದ್ದೀರಿ. ಶುಲ್ಕ ಬೀಳುವುದು ಆ 24 ಕೋಟಿಯ ಮೇಲೆ.

1,12,000ದಲ್ಲಿ 99,000 ಕಳೆದರೆ 13,000. ಆದರೆ ನಿಮ್ಮ ಕೈಲಿರುವುದು 10,900. ಉಳಿದ 2,100 ಎಲ್ಲಿ? ಜಾಸ್ತಿ ಜನ ಎಡವುವುದು ಇಲ್ಲೇ. ವ್ಯವಹಾರದ ಶುಲ್ಕ ಒಂದು ಹಾಳೆಯಲ್ಲಿರುತ್ತದೆ, ಖಾತೆಯ ಇತರ ಖರ್ಚು ಇನ್ನೊಂದರಲ್ಲಿ. ಇತರ ಡೆಬಿಟ್‌ಗಳು ಎಂಬ ಭಾಗ ಹುಡುಕಿ. ಡಿಮ್ಯಾಟ್‌ನ ವಾರ್ಷಿಕ ಶುಲ್ಕ, ತಡವಾದ ಹಣಕ್ಕೆ ಬಡ್ಡಿ, ಮಧ್ಯಾಹ್ನ ನೀವು ಮಾರದೆ ಬಿಟ್ಟದ್ದನ್ನು ಬ್ರೋಕರ್ ತಾನೇ ಮಾರಿದರೆ ಅದಕ್ಕೆ ಬೇರೆ ಶುಲ್ಕ. ಅನೇಕ ಕಡೆ ಇದು ಸಲಕ್ಕೆ 50 ರೂಪಾಯಿ, ಜಿಎಸ್‌ಟಿ ಸೇರಿ 59. ವರ್ಷದಲ್ಲಿ ಒಂದು 30 ಸಲ ಮರೆತಿದ್ದರೂ 1,770 ಆಯಿತು. ವಾರ್ಷಿಕ ಶುಲ್ಕ ಸೇರಿಸಿ, ಲೆಕ್ಕ ಕೂಡುತ್ತದೆ.

ಕೂಡದಿದ್ದರೆ ಬ್ರೋಕರ್ ಬಳಿಯ ನಿಮ್ಮ ಖಾತೆಗೆ ಬಂದ, ಹೋದ ಹಣವೆಲ್ಲ ಇರುವ ಲೆಡ್ಜರ್ ತೆಗೆಯಿರಿ. ಲಾಭ-ನಷ್ಟದ ಹಾಳೆಗಿಂತ ಲೆಡ್ಜರ್ ಮೇಲೆ ನನಗೆ ನಂಬಿಕೆ ಜಾಸ್ತಿ. ವರ್ಷದ ಕೊನೆಯ ಬಾಕಿಗೆ ನೀವು ತೆಗೆದ ಹಣ ಸೇರಿಸಿ, ಮೊದಲ ಬಾಕಿ ಮತ್ತು ನೀವು ಹಾಕಿದ ಹಣ ಕಳೆಯಿರಿ. ಮಾರದೆ ಉಳಿದ ಷೇರು ಇಲ್ಲದಿದ್ದರೆ ಬರುವುದೇ ನಿಜವಾದ ಫಲ. ಒಂದು ಎಚ್ಚರ: ಬಳಸದೆ ಉಳಿದ ಹಣವನ್ನು ಬ್ರೋಕರ್ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ನಿಮ್ಮ ಬ್ಯಾಂಕಿಗೆ ವಾಪಸ್ ಹಾಕಲೇಬೇಕು. ಅದು ನೀವು ತೆಗೆದ ಹಣದ ಲೆಕ್ಕಕ್ಕೆ ಸೇರಬೇಕು. ಅದನ್ನು ಬಿಟ್ಟು ನಷ್ಟ ಆಯಿತೆಂದು ಗಾಬರಿಯಾದವರನ್ನು ನೋಡಿದ್ದೇನೆ. ವಾಪಸ್ ಬಂದದ್ದನ್ನೇ ಮತ್ತೆ ಹಾಕಿ, ಹೊಸ ಬಂಡವಾಳ ಅಂದುಕೊಂಡವರನ್ನೂ.

ಬ್ರೋಕರ್ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ವ್ಯವಹಾರದ ಪ್ರತಿ ಶುಲ್ಕವೂ ನಿಮಗೆ ಬರುವ ಕಾಂಟ್ರ್ಯಾಕ್ಟ್ ನೋಟ್ ಎಂಬ ಬಿಲ್ಲಿನಲ್ಲಿದೆ. ಸರಿ. ಆದರೆ ಅದು ಪಾಸ್‌ವರ್ಡ್ ಹಾಕಿ ತೆರೆಯಬೇಕಾದ ಪಿಡಿಎಫ್. ದಿನವಿಡೀ ಕಣ್ಣೆದುರು ಇರುವುದು ಶುಲ್ಕ ಕಳೆಯದ ಹಸಿರು ಅಂಕಿ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ನಮ್ಮ ದೊಡ್ಡಪ್ಪ ಪಟ್ಟಿ ಕೈಗೆ ಬಂದ ಕೂಡಲೇ ಕೆಳಗಿನ ಸಾಲು ನೋಡುತ್ತಿದ್ದರು. ಹಮಾಲಿ, ತೂಕ ಎಲ್ಲ ಕಳೆದು ಕೈಗೆ ಬರುವುದೆಷ್ಟು ಅಂತ. ಅಲ್ಲಿ ಒಂದೇ ಹಾಳೆಯಲ್ಲಿ ಎಲ್ಲ ಇರುತ್ತಿತ್ತು. ಕೋಟಿಗಟ್ಟಲೆ ಗ್ರಾಹಕರಿರುವ ಆ್ಯಪ್‌ಗಳಿಗೆ ಅಷ್ಟು ಮಾಡಲು ಏನು ಕಷ್ಟ?

ಇದು ನಿಮ್ಮೊಬ್ಬರ ಕಥೆಯೂ ಅಲ್ಲ. 2024ರ ಜುಲೈನಲ್ಲಿ ಸೆಬಿ ಇಂಟ್ರಾಡೇ ಬಗ್ಗೆ ಒಂದು ಅಧ್ಯಯನ ಹೊರತಂದಿತು. 2022-23ರಲ್ಲಿ ನಗದು ಷೇರಿನಲ್ಲಿ ಇಂಟ್ರಾಡೇ ಮಾಡಿದ 10 ಜನರಲ್ಲಿ 7 ಜನರಿಗೆ ನಷ್ಟ. ನಷ್ಟವಾದವರು ಆ ನಷ್ಟದ ಮೇಲೆ ಅದರ ಶೇ 57ರಷ್ಟನ್ನು ಶುಲ್ಕವಾಗಿ ಕೊಟ್ಟಿದ್ದರು. ಲಾಭ ಮಾಡಿದವರ ಶುಲ್ಕ ಲಾಭದ ಶೇ 19. ನಿಮ್ಮದು ಲಾಭದ ಶೇ 88. ಸರಾಸರಿ ಹಿಡಿದರೆ ನೀವು ವ್ಯವಹಾರಕ್ಕೆ 93 ರೂಪಾಯಿ ಗಳಿಸಿ 82.50 ಕೊಟ್ಟಿದ್ದೀರಿ. ಷೇರು ಆರಿಸುವುದು ನಿಮಗೆ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಇಷ್ಟು ಸಣ್ಣ ಲಾಭಕ್ಕೆ ಇಷ್ಟು ಸಲ ಕೈ ಹಾಕಬಾರದಿತ್ತು. ಅದೇ 3 ಲಕ್ಷ ಶೇ 6ರ ಠೇವಣಿಯಲ್ಲಿ ಸುಮ್ನೆ ಮಲಗಿದ್ದರೂ 18,000 ಆಗುತ್ತಿತ್ತು.

ತೆರಿಗೆಗೆ ಬರೋಣ. ಎಸ್‌ಟಿಟಿ ಕಟ್ಟಿದ್ದೇನಲ್ಲ, ಇನ್ನೇನು ಆದಾಯ ತೆರಿಗೆ ಎಂದು ಕೇಳುವವರಿದ್ದಾರೆ. ಎರಡೂ ಬೇರೆ ಬೇರೆ. ಇಂಟ್ರಾಡೇ ಲಾಭ ಸ್ಪೆಕ್ಯುಲೇಟಿವ್ ವ್ಯಾಪಾರದ ಆದಾಯ, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ. ವ್ಯಾಪಾರ ಎಂದಾದ್ದರಿಂದ ಬ್ರೋಕರೇಜ್ ಜೊತೆ ಎಸ್‌ಟಿಟಿಯನ್ನೂ ಖರ್ಚು ತೋರಿಸಬಹುದು. ಹಾಗಾಗಿ ತೆರಿಗೆ ಲೆಕ್ಕ ಶುರುವಾಗುವುದು 1,12,000ದಿಂದ ಅಲ್ಲ, 10,900ರಿಂದ. ಷೇರು ಡೆಲಿವರಿ ತೆಗೆದುಕೊಂಡು ಇಟ್ಟು ಮಾರಿದವರಿಗೆ ಈ ಅನುಕೂಲ ಇಲ್ಲ. ಬಂಡವಾಳ ಲಾಭದಲ್ಲಿ ಬ್ರೋಕರೇಜ್ ಕಳೆಯಬಹುದು, ಎಸ್‌ಟಿಟಿ ಕಳೆಯುವಂತಿಲ್ಲ. ಎರಡೂ ಬಗೆಯ ವ್ಯವಹಾರ ಇದ್ದರೆ ಶುಲ್ಕವನ್ನು ಬೇರೆ ಬೇರೆ ಹಂಚಿ ಬರೆಯಿರಿ. ಇಂಟ್ರಾಡೇ ನಷ್ಟ ಬಂದ ವರ್ಷವೂ ಗಡುವಿನೊಳಗೆ ರಿಟರ್ನ್ ಹಾಕಿ. ಆ ನಷ್ಟವನ್ನು ಮುಂದಿನ 4 ವರ್ಷಗಳ ಸ್ಪೆಕ್ಯುಲೇಟಿವ್ ಲಾಭಕ್ಕೆ ಮಾತ್ರ ಹೊಂದಿಸಬಹುದು.

ನನ್ನ ಹಳೇ ಸಿಟ್ಟು ಒಂದಿದೆ. 2024ರ ಅಕ್ಟೋಬರ್‌ವರೆಗೆ ಷೇರುಪೇಟೆಗಳು ಜಾಸ್ತಿ ವ್ಯವಹಾರ ತರುವ ಬ್ರೋಕರ್‌ಗೆ ಕಮ್ಮಿ ದರ ಹಾಕುತ್ತಿದ್ದವು. ಗ್ರಾಹಕರಿಂದ ಮಾತ್ರ ಮೇಲಿನ ದರದಲ್ಲಿ ವಸೂಲಿಯಾಗಿ, ನಡುವಿನ ಹಣ ಬ್ರೋಕರ್ ಬಳಿ ಉಳಿಯುತ್ತಿತ್ತು. ಹೆಸರು ಪೇಟೆ ಶುಲ್ಕ, ಹಣ ಬ್ರೋಕರ್‌ಗೆ. ಗ್ರಾಹಕರಿಂದ ಪಡೆದದ್ದು ಪೇಟೆಗೆ ಕಟ್ಟಿದ್ದಕ್ಕೆ ಸಮನಾಗಿರಬೇಕು ಎಂದು ಸೆಬಿ ಹೇಳಿದ ಮೇಲೆ ಅದು ನಿಂತಿತು. ಆ ಸಾಲನ್ನು ನಾವ್ಯಾರೂ ಓದುತ್ತಿರಲಿಲ್ಲ. ಅದಕ್ಕೇ ಅಷ್ಟು ವರ್ಷ ನಡೆಯಿತು.

ಇವತ್ತು ಅದೇ ಓದದ ಅಭ್ಯಾಸದ ಮೇಲೆ ಟ್ರೇಡಿಂಗ್ ಕ್ಲಾಸುಗಳು ನಡೆಯುತ್ತಿವೆ. ದಿನಕ್ಕೆ ಇಷ್ಟು ಸಾವಿರ ಎಂದು ಹಸಿರು ಅಂಕಿಯ ಫೋಟೋ ಹಾಕಿ ಹುಡುಗರಿಂದ ಫೀಸು ಕಟ್ಟಿಸಿಕೊಳ್ಳುತ್ತಾರೆ. ನಿಮ್ಮ ಸ್ನೇಹಿತರು ಅಂಥ ಕಡೆ ಸೇರುವುದಾದರೆ ಕಲಿಸುವವರ ಹತ್ತಿರ ಇಡೀ ವರ್ಷದ ಲೆಡ್ಜರ್ ಕೇಳಲಿ. ಕೊಡಲ್ಲ ಅಂದರೆ ಫೀಸು ಕಟ್ಟುವುದು ಬೇಡ.