ಎಷ್ಟು ಬಗೆ, ಒಂದೊಂದು ಬಗೆ ಎಷ್ಟೆಷ್ಟು?

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಶಾಲೆ ಆವರಣದ ಗಿಡಗಳ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ‘ಪ್ರಭೇದ ಸಮೃದ್ಧಿ’, ‘ಪ್ರಭೇದ ಸಮತೆ’, ‘ವೈವಿಧ್ಯ ಸೂಚ್ಯಂಕ’ ಅಂತ ಬರೆದಿದ್ದೆ. ಟೀಚರ್ ಅದಕ್ಕೆ ಸುತ್ತು ಹಾಕಿ, ಸ್ವಂತ ಮಾತಿನಲ್ಲಿ ಬರೆ ಅಂದರು. ಹೇಗೆ ಬರೆಯಲಿ?

ಉತ್ತರ: ಮೊದಲ ಎರಡು ಸುಲಭ. ಸಮೃದ್ಧಿ ಅಂದರೆ ‘ಎಷ್ಟು ಬಗೆ ಇವೆ’, ಅಷ್ಟೇ. ಗಿಡ ಜಾಸ್ತಿ ಇದ್ದ ಮಾತ್ರಕ್ಕೆ ಸಮೃದ್ಧಿ ಜಾಸ್ತಿ ಆಗುವುದಿಲ್ಲ. ಈ ಪದ ಓದಿದವರೆಲ್ಲ ಮುಗ್ಗರಿಸುವುದು ಇಲ್ಲೇ. ಸಮತೆ ಅಂದರೆ ‘ಎಲ್ಲ ಬಗೆಯೂ ಹೆಚ್ಚುಕಮ್ಮಿ ಒಂದೇ ಸಂಖ್ಯೆಯಲ್ಲಿವೆಯೇ, ಇಲ್ಲ ಒಂದೇ ಬಗೆ ತುಂಬಿಕೊಂಡಿದೆಯೇ’.

ಸೂಚ್ಯಂಕಕ್ಕೆ ಲೆಕ್ಕ ಬೇಕು. ಒಂದು ಮೀಟರ್ ಉದ್ದಗಲದ ಎರಡು ಚೌಕ ಗುರುತಿಸಿದ್ದೀರಿ ಅನ್ನಿ. ಎರಡರಲ್ಲೂ ನಾಲ್ಕು ಬಗೆ: ತುಂಬೆ, ನೆಲನೆಲ್ಲಿ, ಮುಟ್ಟಿದರೆ ಮುನಿ, ಕಾಂಗ್ರೆಸ್ ಗಿಡ. ಎರಡರಲ್ಲೂ ಒಟ್ಟು 20 ಗಿಡ. ಮೊದಲ ಚೌಕದಲ್ಲಿ ಪ್ರತಿ ಬಗೆಯೂ 5. ಎರಡನೆಯದರಲ್ಲಿ ಕಾಂಗ್ರೆಸ್ ಗಿಡವೇ 17, ಉಳಿದವು ಒಂದೊಂದು.

ಈಗ ಕಣ್ಣು ಮುಚ್ಚಿ ಒಂದು ಗಿಡ ಮುಟ್ಟಿ, ಆಮೇಲೆ ಇನ್ನೊಂದು ಮುಟ್ಟಿ. ಹೀಗೆ ಮುಟ್ಟಲು 20×19, ಅಂದರೆ 380 ದಾರಿಗಳಿವೆ. ಮೊದಲ ಚೌಕದಲ್ಲಿ ಎರಡೂ ಒಂದೇ ಬಗೆ ಆಗುವುದು ಪ್ರತಿ ಬಗೆಗೆ 5×4, ನಾಲ್ಕು ಬಗೆಗೆ 80 ಸಲ. ಉಳಿದ 300 ಸಲ ಬೇರೆ ಬೇರೆ ಬಗೆ ಸಿಗುತ್ತದೆ. 300 ಭಾಗಿಸು 380 ಅಂದರೆ 0.79. ಎರಡನೇ ಚೌಕದಲ್ಲಿ ಒಂದೇ ಬಗೆ ಸಿಗುವುದು 17×16, ಅಂದರೆ 272 ಸಲ. ಉಳಿದದ್ದು 108, ಸೂಚ್ಯಂಕ 0.28. ಇದು ಸಿಂಪ್ಸನ್ ವೈವಿಧ್ಯ ಸೂಚ್ಯಂಕ. ವರದಿಯಲ್ಲಿ ಹೀಗೆ ಬರೆಯಿರಿ: ‘ಕಣ್ಣು ಮುಚ್ಚಿ ಎರಡು ಗಿಡ ಮುಟ್ಟಿದರೆ ಅವು ಬೇರೆ ಬೇರೆ ಬಗೆಯವಾಗಿರುವ ಸಾಧ್ಯತೆ ಮೊದಲ ಚೌಕದಲ್ಲಿ ನೂರಕ್ಕೆ 79, ಎರಡನೆಯದರಲ್ಲಿ 28.’

ಒಂದು ಎಚ್ಚರಿಕೆ. ನಾವು ‘ನೆಲನೆಲ್ಲಿ’ ಅಂತ ಒಂದೇ ಹೆಸರಿನಿಂದ ಕರೆಯುವ ಗಿಡಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದಗಳಿವೆ. ಎಲೆಯ ಸಾಲನ್ನು ಮಗುಚಿ ನೋಡಿ. ಒಂದರ ಕಾಯಿ ನುಣುಪು, ಸಣ್ಣ ತೊಟ್ಟಿನಲ್ಲಿ ಜೋತಾಡುತ್ತದೆ. ಇನ್ನೊಂದರ ಕಾಯಿ ತರಿತರಿ, ತೊಟ್ಟು ಇಲ್ಲವೇ ಇಲ್ಲ ಅನ್ನುವಂತೆ ಕಡ್ಡಿಗೆ ಅಂಟಿಕೊಂಡಿರುತ್ತದೆ, ಕಾಂಡವೂ ಸಾಮಾನ್ಯವಾಗಿ ಕೆಂಪಗೆ. ಇವನ್ನು ಎರಡು ಬಗೆ ಅಂತಲೇ ಎಣಿಸಬೇಕು. ಹೆಸರು ಗೊತ್ತಾಗದಿದ್ದರೆ ‘ನೆಲನೆಲ್ಲಿ 1’, ‘ನೆಲನೆಲ್ಲಿ 2’ ಅಂತ ಬರೆದು ಗುರುತು ಹೇಳಿದರೆ ಸಾಕು. ಸುಮ್ನೆ ಊಹೆಯ ಹೆಸರು ಹಾಕಬೇಡಿ.

ಗರಿಕೆ ಇದ್ದರೆ ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ನೆಲದ ಮೇಲೆ ಹಬ್ಬಿ ಗಿಣ್ಣುಗಿಣ್ಣಿಗೂ ಬೇರು ಬಿಡುತ್ತದೆ, ಒಂದು ಗಿಡ ಎಲ್ಲಿ ಮುಗಿಯಿತು ಅಂತ ಹೇಳಲು ಆಗುವುದಿಲ್ಲ ಅಲ್ವಾ? ಚೌಕದ ಎಷ್ಟು ಭಾಗವನ್ನು ಮುಚ್ಚಿದೆ ಅಂತ ಬೇರೆಯಾಗಿ ಬರೆಯಿರಿ.