ಎಥನಾಲ್‌ಗೆ ನೀರು ಬೆರೆಸಿದರೆ ಬಿಸಿಯಾಗೋದು ಯಾಕೆ?

ಪ್ರಶ್ನೆ: ಮಿಶ್ರಣದ ಆವಿಯ ಒತ್ತಡ ಲೆಕ್ಕಕ್ಕಿಂತ ಹೆಚ್ಚಿದ್ದರೆ, ಅಂದರೆ ಧನ ವಿಚಲನೆ ಇದ್ದರೆ, ಬೆರೆಸುವಾಗ ಉಷ್ಣ ಹೀರಬೇಕು ಅಂತ ಓದಿದೆ. ಎಥನಾಲ್-ನೀರಿನದು ಧನ ವಿಚಲನೆ. ಆದರೆ ಬಾಗಲಕೋಟೆಯ ನಮ್ಮ ಕಾಲೇಜ್ ಲ್ಯಾಬಲ್ಲಿ ಎಥನಾಲ್‌ಗೆ ನೀರು ಹಾಕಿದಾಗ ಬೀಕರ್ ಬೆಚ್ಚಗಾಯ್ತು. ಯಾವುದು ಸರಿ?

ಉತ್ತರ: ಎರಡೂ ಖರೇನ ರೀ. ಮೊದಲು ಸರಳ ಜೋಡಿ ನೋಡಿ, ಅಸಿಟೋನ್ ಮತ್ತು ಕ್ಲೋರೋಫಾರ್ಮ್. 35 ಡಿಗ್ರಿಯಲ್ಲಿ ಇವುಗಳ ಆವಿಯ ಒತ್ತಡ ಸುಮಾರು 345 ಮತ್ತು 293 ಮಿ.ಮೀ. ಸಮ ಮೋಲ್ ಬೆರೆಸಿದರೆ ಎರಡರ ಪಾಲಿಗೆ ತಕ್ಕ ಸರಾಸರಿ ಬರುತ್ತದೆ ಅನ್ನುವ ರೌಲ್ಟ್ ನಿಯಮದಂತೆ 319 ಬರಬೇಕು; ಅಳೆದರೆ ಸಿಗೋದು 255ರ ಆಸುಪಾಸು. ಕ್ಲೋರೋಫಾರ್ಮ್‌ನ ಹೈಡ್ರೋಜನ್ ಅಸಿಟೋನ್‌ನ ಆಕ್ಸಿಜನ್ ಹಿಡಿದುಕೊಳ್ಳುತ್ತದೆ, ಅಣುಗಳು ಹಾರಿಹೋಗೋದು ಕಷ್ಟ. ಆ ಹಿಡಿತದಿಂದಲೇ ಉಷ್ಣ ಹೊರಬರುತ್ತದೆ. ಇದು ಋಣ ವಿಚಲನೆ. ಬೇರೆ ಬೇರೆ ಅಣುಗಳ ನಡುವಿನ ಸೆಳೆತ ದುರ್ಬಲವಾದರೆ ಸಾಮಾನ್ಯವಾಗಿ ಇದರ ಉಲ್ಟಾ: ಒತ್ತಡ ಹೆಚ್ಚು, ಮಿಶ್ರಣ ತಂಪು.

ಆ 'ಸಾಮಾನ್ಯವಾಗಿ'ಯ ಆಚೆ ನಿಂತಿರೋದು ನಿಮ್ಮ ಬೀಕರ್. ವಿಚಲನೆಯನ್ನು ಉಷ್ಣ ಒಂದೇ ನಿರ್ಧರಿಸಲ್ಲ, ಎಂಟ್ರೋಪಿಯೂ, ಅಂದರೆ ಅಣುಗಳು ಎಷ್ಟು ಸ್ವತಂತ್ರವಾಗಿ ಚದುರಿವೆ ಅನ್ನೋದೂ, ಲೆಕ್ಕಕ್ಕೆ ಬರುತ್ತದೆ. ಎಥನಾಲ್‌ನ ಎಣ್ಣೆ ಸ್ವಭಾವದ ಇಥೈಲ್ ತುದಿಯ ಸುತ್ತ ನೀರಿನ ಅಣುಗಳು ಒತ್ತಾಗಿ, ಶಿಸ್ತಾಗಿ ಕೂರುತ್ತವೆ. ಉಷ್ಣ ಹೊರಬಂತು, ಆದರೆ ಅಣುಗಳಿಗಿದ್ದ ಸ್ವಾತಂತ್ರ್ಯ ಕಡಿಮೆಯಾಯ್ತು. ಈ ನಷ್ಟವೇ ದೊಡ್ಡದಾದ್ದರಿಂದ ಅವು ಹೊರಗೆ ಹಾರಲು ಹವಣಿಸುತ್ತವೆ.

ಮುಧೋಳದ ಕಡೆ ಕಬ್ಬಿನ ಕಾಕಂಬಿಯಿಂದ ಎಥನಾಲ್ ತೆಗೆಯುವವರಿಗೂ ಇದೇ ತೊಡಕು. ಬರೀ ಬಟ್ಟಿ ಇಳಿಸಿದರೆ ತೂಕದಲ್ಲಿ ಸುಮಾರು 95.6 ಶೇಕಡಾಕ್ಕೆ ನಿಲ್ಲುತ್ತದೆ. ಆವಿಯ ಒತ್ತಡ ಹೆಚ್ಚಾದ್ದರಿಂದ ಆ ಮಿಶ್ರಣ 78.2 ಡಿಗ್ರಿಯಲ್ಲಿ, ಶುದ್ಧ ಎಥನಾಲ್‌ಗಿಂತ ಚೂರು ಮೊದಲೇ, ಕುದಿಯುತ್ತದೆ.