ಗುತ್ತಿಗೆ ಹೊಣೆಯ ಮರುಮಾಪನದಲ್ಲಿ ಹಳೆಯ ದರ ಯಾವಾಗ, ಹೊಸ ದರ ಯಾವಾಗ?

ಪ್ರಶ್ನೆ: ಐಎಫ್‌ಆರ್‌ಎಸ್ 16ರ ಪ್ರಕಾರ ಬಾಡಿಗೆ ಸೂಚ್ಯಂಕದಂತೆ ಏರಿದಾಗ ಹಳೆಯ ದರ, ಗುತ್ತಿಗೆಯ ಅವಧಿ ಬದಲಾದಾಗ ಹೊಸ ದರ ಎಂದು ಓದಿದ್ದೇನೆ. ಎರಡೂ ಮರುಮಾಪನವೇ ಆಗಿರುವಾಗ ಈ ವ್ಯತ್ಯಾಸ ಏಕೆ? ನಾನು ಎರಡಕ್ಕೂ ಹಳೆಯ ದರವನ್ನೇ ಹಾಕಿದೆ. ಆದರೂ ಕೊನೆಗೆ ಹೊಣೆ ಸರಿಯಾಗಿ ಸೊನ್ನೆಗೆ ಬಂತು. ಹಾಗಾದರೆ ತಪ್ಪೆಲ್ಲಿದೆ?

ಉತ್ತರ: ಹೊಣೆ ಸೊನ್ನೆಗೆ ಬಂದು ನಿಂತಿತು ಎಂಬುದು ನಿಮ್ಮ ಕೂಡುವಿಕೆ ಸರಿಯಿದೆ ಎಂಬುದಕ್ಕೆ ಮಾತ್ರ ಸಾಕ್ಷಿ, ದರ ಸರಿಯಿದೆ ಎಂಬುದಕ್ಕಲ್ಲ. ಯಾವ ದರದಿಂದ ಪ್ರಸ್ತುತ ಮೌಲ್ಯ ಕಂಡುಹಿಡಿದಿರೋ ಅದೇ ದರದಲ್ಲಿ ಬಡ್ಡಿ ಸೇರಿಸುತ್ತ ಹೋದರೆ, ಆ ದರ ಏನೇ ಆಗಿರಲಿ, ಕೊನೆಯ ಪಾವತಿಯ ದಿನ ಬಾಕಿ ಸೊನ್ನೆಯೇ ಆಗುತ್ತದೆ. ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಂಡ ತಪ್ಪು ಇದೇ ಆಗಿರುವುದರಿಂದ, ಒಂದೇ ಗುತ್ತಿಗೆಯನ್ನು ಎರಡು ದಾರಿಯಲ್ಲಿ ನಡೆಸಿ ತೋರಿಸುತ್ತೇನೆ.

ಒಂದು ಸಂಸ್ಥೆ ಕಟ್ಟಡವೊಂದನ್ನು 5 ವರ್ಷಕ್ಕೆ ಗುತ್ತಿಗೆಗೆ ಪಡೆದಿದೆ ಎಂದಿಟ್ಟುಕೊಳ್ಳಿ. ಪ್ರತಿ ವರ್ಷದ ಕೊನೆಗೆ 1,00,000 ಪಾವತಿಸಬೇಕು. ಗುತ್ತಿಗೆಯಲ್ಲಿ ಅಡಕವಾಗಿರುವ ದರ ಸುಲಭವಾಗಿ ತಿಳಿಯದ ಕಾರಣ ಸಂಸ್ಥೆ ತಾನು ಹೆಚ್ಚುವರಿಯಾಗಿ ಸಾಲ ಪಡೆಯಬಹುದಾದ ದರವನ್ನು, ಅಂದರೆ 8 ಶೇಕಡವನ್ನು ಬಳಸಿದೆ. ಪಾವತಿಗಳ ಪ್ರಸ್ತುತ ಮೌಲ್ಯ 3,99,271. ಆರಂಭಿಕ ನೇರ ವೆಚ್ಚ, ಮುಂಗಡ, ಗುತ್ತಿಗೆ ಪ್ರೋತ್ಸಾಹಧನ ಯಾವುದೂ ಇಲ್ಲದ್ದರಿಂದ ಬಳಕೆಯ ಹಕ್ಕಿನ ಆಸ್ತಿಯೂ ಅಷ್ಟೇ. ಮೊದಲ ವರ್ಷದ ಬಡ್ಡಿ 31,942, ಎರಡನೆಯ ವರ್ಷದ್ದು 26,497. ಎರಡು ಪಾವತಿಗಳ ಬಳಿಕ ಹೊಣೆ 2,57,710ಕ್ಕೆ ಇಳಿಯುತ್ತದೆ. ಆಸ್ತಿಯಾದರೋ ವರ್ಷಕ್ಕೆ 79,854ರಂತೆ ಸಮಪ್ರಮಾಣದಲ್ಲಿ ಸವೆದು 2,39,563ಕ್ಕೆ ಬಂದಿರುತ್ತದೆ. ಆರಂಭದಲ್ಲಿ ಒಂದೇ ಆಗಿದ್ದ ಎರಡು ಮೊತ್ತಗಳ ನಡುವೆ ಈಗ 18,147ರ ಅಂತರವಿದೆ. ಬಡ್ಡಿ ಮೊದಲ ವರ್ಷಗಳಲ್ಲಿ ಹೆಚ್ಚಾಗಿರುವುದರಿಂದ, ಎರಡು ವರ್ಷಗಳಲ್ಲಿ ಪಾವತಿಸಿದ 2,00,000ಕ್ಕಿಂತ ಖರ್ಚೆಂದು ತೋರಿಸಿದ ಮೊತ್ತ ಅಷ್ಟು ಹೆಚ್ಚಾಗಿದೆ ಎಂಬುದೇ ಆ ಅಂತರದ ಅರ್ಥ. ಮರುಮಾಪನ ಈ ಅಂತರವನ್ನು ಸರಿಪಡಿಸುವುದಿಲ್ಲ. ಹೊಣೆಗೆ ಎಷ್ಟು ಸೇರುತ್ತದೋ ಅಷ್ಟೇ ಆಸ್ತಿಗೂ ಸೇರುತ್ತದೆ, ಅಂತರ ಹಾಗೆಯೇ ಮುಂದುವರಿಯುತ್ತದೆ. ಹೊಣೆಯ ಹೊಸ ಮೊತ್ತವನ್ನೇ ಆಸ್ತಿಯ ಹೊಸ ಮೊತ್ತವೆಂದು ಬರೆಯುವ ವಿದ್ಯಾರ್ಥಿಗಳು ಮರೆಯುವುದು ಇದನ್ನೇ.

ಮೊದಲ ದಾರಿ: ಮೂರನೆಯ ವರ್ಷದ ಆರಂಭದಲ್ಲಿ, ಒಪ್ಪಂದದಲ್ಲಿದ್ದಂತೆ, ಬೆಲೆ ಸೂಚ್ಯಂಕ 6 ಶೇಕಡ ಏರಿದ್ದರಿಂದ ಉಳಿದ ಮೂರು ಪಾವತಿಗಳು ತಲಾ 1,06,000 ಆಗುತ್ತವೆ. ಆರಂಭದ ದಿನ ಹೊಣೆಯನ್ನು ಅಳೆದಾಗ ಅಂದಿನ ಸೂಚ್ಯಂಕವನ್ನೇ ಹಿಡಿದಿದ್ದೆವು, ಮುಂದಿನ ಏರಿಕೆಯನ್ನು ಊಹಿಸಿರಲಿಲ್ಲ. ಮಾನದಂಡ ಬಯಸುವುದೂ ಅದನ್ನೇ. ಈಗ ಬದಲಾಗಿರುವುದು ಪಾವತಿಯ ಮೊತ್ತ ಮಾತ್ರ. ಎಷ್ಟು ಕಾಲಕ್ಕೆ, ಯಾವ ಆಸ್ತಿಯ ಮೇಲೆ, ಯಾವ ಸಾಲದ ಸ್ಥಿತಿಯಲ್ಲಿ ಈ ಹಣಕಾಸು ದೊರೆಯಿತು ಎಂಬ ಮೂಲ ತೀರ್ಮಾನ ಹಾಗೆಯೇ ಉಳಿದಿದೆ. ಆದ್ದರಿಂದ 8 ಶೇಕಡವೇ ಮುಂದುವರಿಯುತ್ತದೆ. ಹೊಣೆ 2,73,172 ಆಗುತ್ತದೆ. ಹೆಚ್ಚಳವಾದ 15,462 ಆಸ್ತಿಗೆ ಸೇರಿ, ಆಸ್ತಿ 2,55,025 ಆಗುತ್ತದೆ. ಉಳಿದ ಮೂರು ವರ್ಷ ಸವಕಳಿ ವರ್ಷಕ್ಕೆ 85,008. ಪಾವತಿ ನಿಜವಾಗಿ ಬದಲಾಗುವ ದಿನದಂದೇ ಇದನ್ನು ಮಾಡಬೇಕೇ ಹೊರತು ಸೂಚ್ಯಂಕ ಏರುತ್ತಿದೆ ಎಂದು ಪತ್ರಿಕೆಯಲ್ಲಿ ಓದಿದ ದಿನವಲ್ಲ. ಸಿದ್ಧಾಂತದ ದೃಷ್ಟಿಯಿಂದ ಈ ನಿಯಮ ಅಷ್ಟು ಅಚ್ಚುಕಟ್ಟಾಗಿಲ್ಲ ಎಂಬುದು ನನ್ನ ಅಭಿಪ್ರಾಯ: ಹಣದುಬ್ಬರದ ನಿರೀಕ್ಷೆ 8 ಶೇಕಡದೊಳಗೆ ಅಡಗಿ ಕುಳಿತಿದೆ, ಆದರೆ ಆ ದರದಿಂದ ನಾವು ಭಾಗಿಸುವ ಪಾವತಿಗಳಲ್ಲಿ ಇಲ್ಲ. ಹಾಗಾಗಿ ಹೊಣೆ ಸ್ವಲ್ಪ ಕಡಿಮೆಯಾಗಿಯೇ ತೋರುತ್ತದೆ.

ಎರಡನೆಯ ದಾರಿ: ಸೂಚ್ಯಂಕದ ಮಾತಿಲ್ಲ. ಒಪ್ಪಂದದಲ್ಲಿ ಇನ್ನೂ 2 ವರ್ಷ, ಅದೇ ಬಾಡಿಗೆಗೆ, ಮುಂದುವರಿಸುವ ಆಯ್ಕೆ ಮೊದಲಿನಿಂದಲೂ ಇತ್ತು. ಅದನ್ನು ಬಳಸುವುದು ಬಹುಮಟ್ಟಿಗೆ ಖಚಿತವಲ್ಲ ಎಂದು ಬಿಡಲಾಗಿತ್ತು. ಎರಡನೆಯ ವರ್ಷದ ಕೊನೆಗೆ ಸಂಸ್ಥೆ ಕಟ್ಟಡದೊಳಗೆ ದುಬಾರಿಯಾದ, ಬೇರೆಡೆಗೆ ಒಯ್ಯಲಾಗದ ಮಾರ್ಪಾಡುಗಳನ್ನು ಮಾಡಿದೆ. ಇದು ಗುತ್ತಿಗೆದಾರನ ಹಿಡಿತದಲ್ಲಿರುವ ಮಹತ್ವದ ಘಟನೆಯಾದ್ದರಿಂದ ಅವಧಿಯನ್ನು ಮತ್ತೆ ಪರಿಶೀಲಿಸಲೇಬೇಕು. ಸುತ್ತಲಿನ ಬಾಡಿಗೆಗಳು ಏರಿವೆ ಎಂಬ ಕಾರಣವೊಂದೇ ಆಗಿದ್ದರೆ ಪರಿಶೀಲನೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಉಳಿದ ಅವಧಿ ಈಗ 3 ವರ್ಷವಲ್ಲ, 5 ವರ್ಷ. ಮೊದಲು ಲೆಕ್ಕಕ್ಕೇ ಬಾರದಿದ್ದ ಎರಡು ವರ್ಷಗಳಿಗೆ ಸಂಸ್ಥೆ ಇಂದು ಹೊಸದಾಗಿ ಸಾಲ ಮಾಡಿದಂತಾಯಿತು, ಸಾಲದ ದರ ಅವಧಿಯನ್ನು ಅವಲಂಬಿಸಿರುತ್ತದೆ. ಆದ್ದರಿಂದ ಮರುಪರಿಶೀಲನೆಯ ದಿನದ ದರ ಬೇಕು. ಅದು 10 ಶೇಕಡ ಎಂದುಕೊಂಡರೆ ಹೊಣೆ 3,79,079, ಹೆಚ್ಚಳ 1,21,369, ಆಸ್ತಿ 3,60,932, ವಾರ್ಷಿಕ ಸವಕಳಿ 72,186. ಗಮನಿಸಿ, ಹೊಸ ದರ ಸೇರಿಸಿದ ಎರಡು ವರ್ಷಗಳಿಗೆ ಮಾತ್ರವಲ್ಲ, ಉಳಿದ ಐದೂ ಪಾವತಿಗಳಿಗೆ ಅನ್ವಯಿಸುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಇಲ್ಲಿ 8 ಶೇಕಡವನ್ನೇ ಹಾಕಿದರೆ ಹೊಣೆ 3,99,271 ಎಂದು ಬರುತ್ತದೆ, ಅಂದರೆ 20,192 ಹೆಚ್ಚು. ಅದೇ 20,192 ಆಸ್ತಿಯಲ್ಲೂ ಹೆಚ್ಚಾಗಿರುವುದರಿಂದ ಆಸ್ತಿ-ಹೊಣೆ ಪಟ್ಟಿ ತಾಳೆಯಾಗುತ್ತದೆ. ಹೊಣೆ ಸೊನ್ನೆಗೆ ಇಳಿಯುತ್ತದೆ. ಉಳಿದ ಐದು ವರ್ಷಗಳ ಬಡ್ಡಿ ಮತ್ತು ಸವಕಳಿಯನ್ನು ಕೂಡಿದರೆ ಎರಡೂ ದರಗಳಲ್ಲಿ 4,81,853 ಎಂದೇ ಬರುತ್ತದೆ: ಬಡ್ಡಿಯಲ್ಲಿ ಕಡಿಮೆಯಾದದ್ದು ಸವಕಳಿಯಲ್ಲಿ ಹೆಚ್ಚಾಗುತ್ತದೆ. ಆದರೆ ಮೂರನೆಯ ವರ್ಷದ ಖರ್ಚು ಮಾತ್ರ ಬೇರೆ. ಸರಿಯಾದ ದರದಲ್ಲಿ ಬಡ್ಡಿ 37,908 ಮತ್ತು ಸವಕಳಿ 72,186 ಸೇರಿ 1,10,094. ನಿಮ್ಮ ದರದಲ್ಲಿ ಬಡ್ಡಿ 31,942 ಮತ್ತು ಸವಕಳಿ 76,225 ಸೇರಿ 1,08,167. ತಪ್ಪು ಇರುವುದು ಇಲ್ಲಿ, ವರ್ಷಗಳ ನಡುವಿನ ಹಂಚಿಕೆಯಲ್ಲಿ ಹಾಗೂ ಆಸ್ತಿ ಮತ್ತು ಹೊಣೆಗಳ ಮೊತ್ತದಲ್ಲಿ.

ಸೂಚ್ಯಂಕದ ಪ್ರಕರಣದಲ್ಲಿ ದರ ಕೆಟ್ಟಿದೆಯೇ ಎಂದು ಕಂಡುಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ಉಳಿದ ಎಲ್ಲ ಪಾವತಿಗಳೂ ಒಂದೇ ಪ್ರಮಾಣದಲ್ಲಿ ಏರಿದ್ದರೆ, ಹಳೆಯ ದರದಲ್ಲಿ ಹೊಣೆಯೂ ಅದೇ ಪ್ರಮಾಣದಲ್ಲಿ ಏರಬೇಕು: 2,57,710ರ 6 ಶೇಕಡ 15,462ಕ್ಕೆ ಸರಿಹೊಂದುತ್ತದೆ. ಬೇರೆ ಸಂಖ್ಯೆ ಬಂದರೆ ಯಾರೋ ದರ ಮುಟ್ಟಿದ್ದಾರೆ ಎಂದೇ ಅರ್ಥ. ಅವಧಿಯ ಪ್ರಕರಣದಲ್ಲಿ ಇಂಥ ಪರೀಕ್ಷೆ ಇಲ್ಲ. ಬದಲಾವಣೆಯ ಕಾರಣವನ್ನು ಓದಿಯೇ ತೀರ್ಮಾನಿಸಬೇಕು.

ಎರಡು ಅಂಚಿನ ಸಂಗತಿಗಳನ್ನು ಸೇರಿಸಿಕೊಳ್ಳಿ. ಪಾವತಿಗಳು ಬದಲಾದದ್ದು ಬೆಲೆ ಸೂಚ್ಯಂಕದಿಂದಲ್ಲ, ಏರಿಳಿಯುವ ಬಡ್ಡಿದರಕ್ಕೆ ಕಟ್ಟಿದ್ದರಿಂದ ಎಂದಾದರೆ, ಅವಧಿ ಬದಲಾಗದಿದ್ದರೂ ಹೊಸ ದರವೇ ಬೇಕು. ಮಾರಾಟದ ಮೊತ್ತಕ್ಕೆ ಕಟ್ಟಿದ ಬಾಡಿಗೆಯಾದರೆ ಅದು ಮೊದಲಿನಿಂದಲೂ ಹೊಣೆಯಲ್ಲಿ ಇಲ್ಲ, ಮರುಮಾಪನವೂ ಇಲ್ಲ. ಆಯಾ ಅವಧಿಯ ಖರ್ಚಾಗಿ ಹೋಗುತ್ತದೆ. ನಿಮ್ಮ ಪಠ್ಯದಲ್ಲಿ ಅಮೆರಿಕದ ಎಎಸ್‌ಸಿ 842 ಕೂಡ ಇದ್ದರೆ ಎಚ್ಚರವಿರಲಿ: ಅಲ್ಲಿ ಸೂಚ್ಯಂಕ ಏರಿದ ಕಾರಣವೊಂದರಿಂದಲೇ ಹೊಣೆಯನ್ನು ಮತ್ತೆ ಅಳೆಯುವುದಿಲ್ಲ. ಹಾಗಾಗಿ ನನ್ನ ಮೊದಲ ದಾರಿಯಲ್ಲಿನ 15,462 ಅಲ್ಲಿ ಹುಟ್ಟುವುದೇ ಇಲ್ಲ, ಪ್ರತಿ ವರ್ಷದ ಹೆಚ್ಚುವರಿ 6,000 ಆ ವರ್ಷದ ಖರ್ಚಾಗುತ್ತದೆ.